ಸಹಾಯ ಬೇಕು: ಒಂದು ಪುಟದ ಸೀರೀಸ್ ಟ್ರೀಟ್‌ಮೆಂಟ್, ಮೂರನೇ ಎಪಿಸೋಡ್ ಹತ್ರ ನಿಂತಿದೆ

ಎಲ್ಲರಿಗೂ ನಮಸ್ಕಾರ. ಲಿಫ್ಟ್ ರಿಪೇರಿ ಮಾಡುವ ಹೆಂಗಸೊಬ್ಬಳ ಬಗ್ಗೆ ವೆಬ್ ಸೀರೀಸ್ ಟ್ರೀಟ್‌ಮೆಂಟ್ ಬರೆಯುತ್ತಿದ್ದೇನೆ. 8 ಎಪಿಸೋಡ್, ತಲಾ 25 ನಿಮಿಷ. ಪ್ರತಿ ಸಲ ಒಂದು ಲಿಫ್ಟ್ ನಿಲ್ಲುತ್ತದೆ, ಯಾರೋ ಒಳಗೆ ಸಿಕ್ಕಿಕೊಳ್ಳುತ್ತಾರೆ, ಕೊನೆಗೆ ಬಾಗಿಲು ತೆರೆಯುತ್ತದೆ. ದೂರವಾದ ತಮ್ಮನ ಕಥೆ ಮಾತ್ರ ಕೊನೆಯವರೆಗೂ ಸಾಗುತ್ತದೆ.

ಪ್ರೇಕ್ಷಕರು ಕೆಲಸ ಮುಗಿಸಿ ರಾತ್ರಿ ಒಬ್ಬರೇ ಕೂತು ನೋಡುವವರು. 'ಎಲ್ಲ ವಯಸ್ಸಿನವರಿಗೂ' ಅಂತ ಬರೆದರೆ ಓದುವವರಿಗೆ ಏನೂ ಗೊತ್ತಾಗಲ್ಲ, ಅಲ್ವಾ?

ಟೋನ್‌ಗೆ ಸುಮ್ನೆ 'ನಗು, ಭಾವುಕತೆ' ಅನ್ನದೆ ಒಂದು ದೃಶ್ಯವನ್ನೇ ಕೊಟ್ಟಿದ್ದೇನೆ. ಒಳಗಿರುವವನು ಅಳುತ್ತಿದ್ದಾನೆ. ಅವಳು ಬಾಗಿಲ ಸಂದಿಯಿಂದ ಚಾಕೊಲೇಟ್ ತೂರಿಸಿ, "ಕಾಗದ ಕೆಳಗೆ ಹಾಕಬೇಡಿ, ಬಾಗಿಲಿಗೆ ಸಿಕ್ಕಿಕೊಳ್ಳುತ್ತೆ" ಅನ್ನುತ್ತಾಳೆ.

ತೊಡಕಿರುವುದು ಮಾದರಿ ಎಪಿಸೋಡ್‌ಗಳಲ್ಲಿ. ಮೊದಲನೆಯದು ಸರಿಯಿದೆ: ವಿಚ್ಛೇದನಕ್ಕೆ ಹೊರಟ ಗಂಡ ಹೆಂಡತಿ ಸಿಕ್ಕಿಕೊಂಡು, ಎಷ್ಟೋ ದಿನದ ಮೇಲೆ ಮಾತಾಡತೊಡಗುತ್ತಾರೆ. ಬೇಗ ಬಿಡಿಸಬೇಕೋ, ತಡ ಮಾಡಬೇಕೋ ಅನ್ನುವುದು ಅವಳ ಮುಂದಿರುವ ಪ್ರಶ್ನೆ. ಮೂರನೆಯದು ಹೀಗಿದೆ: 'ಆಸ್ಪತ್ರೆಯ ಲಿಫ್ಟ್ ನಿಲ್ಲುತ್ತದೆ. ಒಳಗೆ ತಮ್ಮ ಇದ್ದಾನೆ.' ಇದು ಬರೀ ಸನ್ನಿವೇಶ. ಅವಳಿಗೆ ಏನು ಬೇಕು, ಯಾವುದನ್ನು ಬಿಟ್ಟುಕೊಡಬೇಕು ಅನ್ನುವುದು ಕಾಣುತ್ತಿಲ್ಲ. ಇಲ್ಲೇ ಇಬ್ಬರೂ ರಾಜಿಯಾದರೆ ಉಳಿದ 5 ಎಪಿಸೋಡ್‌ಗೆ ಎಳೆಯೇ ಇರಲ್ಲ.

ಅವನ ದನಿ ಗುರುತಿಸಿಯೂ ಅವಳು ಹೆಸರು ಹೇಳದೆ ಕೆಲಸ ಮುಗಿಸಿ ಹೋದರೆ ಹೇಗೆ? ಅದು ಎರಡು ಸಾಲಿನಲ್ಲಿ ನಿಲ್ಲಬೇಕು. ಪುಟದಲ್ಲಿ ಅದಕ್ಕಿಂತ ಜಾಸ್ತಿ ಜಾಗವಿಲ್ಲ. ಪಿಚ್ ಮಾಡಿ ಅನುಭವ ಇರುವವರು ಆ ಎರಡು ಸಾಲು ಹೇಗೆ ಬರೆಯುತ್ತೀರಿ, ದಯವಿಟ್ಟು ತೋರಿಸಿ.