ಬಡತನಕ್ಕೆ ಸೋಮಾರಿತನವೇ ಕಾರಣ ಅನ್ನೋರಿಗೆ ಪತ್ರಿಕೆಯಲ್ಲಿ ಏನಂತ ಉತ್ತರ ಬರೆಯಲಿ?

ವಿದ್ಯಾರ್ಥಿನಿ (ಸಮಾಜಶಾಸ್ತ್ರ ಎಂ.ಎ., ಧಾರವಾಡ): ನಾವು ಮನೆಗೆ ತರಿಸುವ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದಾರೆ: ‘ಬಡವರು ಬಡವರಾಗಿ ಉಳಿಯುವುದು ಸೋಮಾರಿತನದಿಂದ. ಅನ್ನಭಾಗ್ಯ ಬಂದ ಮೇಲಂತೂ ಯಾರೂ ಕೆಲಸಕ್ಕೆ ಬರುತ್ತಿಲ್ಲ.’ ನಾನು ಉತ್ತರ ಬರೆಯಲು ಕೂತೆ. ರಚನಾತ್ಮಕ ಅಸಮಾನತೆ, ಸಾಂಸ್ಕೃತಿಕ ಬಂಡವಾಳ ಅಂತ ಎರಡು ಪುಟ ಆಯಿತು. ಅಪ್ಪ ಓದಿ ‘ಯಾರಿಗೆ ಅರ್ಥ ಆಗ್ಬೇಕು ಇದು’ ಅಂದರು. ಇಲ್ಲಿ ಪಾಠ ಮಾಡುವವರು, ಪತ್ರಿಕೆಯಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ, ಯಾವ ಮಾತು ಇಟ್ಟುಕೊಳ್ಳಲಿ?

ಸಮಾಜಶಾಸ್ತ್ರ ಅಧ್ಯಾಪಕಿ: ಅಕ್ಕಿಯ ಮಾತನ್ನೇ ಹಿಡಿಯಿರಿ. ಅದನ್ನು ಲೆಕ್ಕ ಹಾಕಿ ನೋಡಬಹುದು. ಐದು ಜನರ ಬಿಪಿಎಲ್ ಕುಟುಂಬ ಅಂದುಕೊಳ್ಳಿ. 2023ರ ಜುಲೈಯಿಂದ ತಲೆಗೆ 5 ಕೆಜಿ ಅಕ್ಕಿ, ಇನ್ನೈದು ಕೆಜಿ ಬದಲು ಕೆಜಿಗೆ 34 ರೂಪಾಯಿಯಂತೆ ದುಡ್ಡು ಬರುತ್ತಿತ್ತು. ಅಕ್ಕಿಗೂ ಅದೇ ದರ ಹಾಕಿದರೆ ಎಲ್ಲ ಸೇರಿ ತಿಂಗಳಿಗೆ 1,700 ರೂಪಾಯಿ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 316. ಅಂದರೆ ಐದು ಜನಕ್ಕೆ ಬಂದಿದ್ದು ಒಬ್ಬ ಆಳಿನ ಐದೂವರೆ ದಿನದ ಕೂಲಿಯಷ್ಟು. ಎಣ್ಣೆ, ಬೇಳೆ, ಗ್ಯಾಸು, ಬಸ್ಸು, ಆಸ್ಪತ್ರೆ ಎಲ್ಲಕ್ಕೂ ಬೇರೆ ದುಡಿಯಲೇಬೇಕು. ಇಷ್ಟರಲ್ಲಿ ತಿಂಗಳಿಡೀ ಮಲಗಿರೋರು ಯಾರು?

ಇನ್ನೊಂದು ವಿಷಯ ಓದುಗರಿಗೆ ಆಶ್ಚರ್ಯ ಆಗುವಂಥದ್ದು. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ ನಿರುದ್ಯೋಗ ಜಾಸ್ತಿ ಕಾಣುವುದು ಓದು ಬಾರದವರಲ್ಲಿ ಅಲ್ಲ, ಪದವೀಧರರಲ್ಲಿ. ಅವರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು, ಓದು ಬಾರದವರಲ್ಲಿ ಒಂದಕ್ಕಿಂತ ಕಡಿಮೆ. ಸರಿಯಾದ ಕೆಲಸ ಸಿಗುವ ತನಕ ಕಾಯಲು ಮನೆಯಲ್ಲಿ ಅಪ್ಪನ ಸಂಬಳ ಇರಬೇಕು. ಅದಿಲ್ಲದವರು ನಾಳೆ ಬೆಳಿಗ್ಗೆ ಸಿಕ್ಕಿದ್ದನ್ನು ಮಾಡುತ್ತಾರೆ. ಹಾಗಾಗಿ ನಮ್ಮಲ್ಲಿ ಬಡವರಲ್ಲಿ ಬಹಳ ಮಂದಿ ಕೆಲಸ ಇಲ್ಲದವರಲ್ಲ, ಕೆಲಸ ಮಾಡಿಯೂ ಬಡವರಾಗಿರುವವರು.

ಆದರೆ ‘ಬಡವರಲ್ಲಿ ಸೋಮಾರಿಗಳೇ ಇಲ್ಲ’ ಅಂತ ಮಾತ್ರ ಬರೆಯಬೇಡಿ. ಒಬ್ಬ ಕುಡುಕನನ್ನು ತೋರಿಸಿದರೆ ಪತ್ರ ಬಿದ್ದುಹೋಯಿತು. ಸೋಮಾರಿಗಳು ಎಲ್ಲ ಮನೆಯಲ್ಲೂ ಇರುತ್ತಾರೆ. ಇರುವವರ ಮನೆಯಲ್ಲಿದ್ದರೆ ಬಾಡಿಗೆ ಬರುತ್ತೆ, ಬಚಾವಾಗುತ್ತಾರೆ.

ತೋಟದವರು (ಶಿರಸಿ ಕಡೆ): ಮೇಡಂ, ಪುಸ್ತಕದ ಲೆಕ್ಕ ಬೇರೆ. ನಮ್ಮ ಊರಿಗೆ ಬಂದು ನೋಡಿ. ಕೊನೆಕೊಯ್ಲಿಗೆ ಅಡಿಕೆ ಮರ ಹತ್ತೋ ಕೊನೆಗೌಡ ಸಿಕ್ಕೋದಿಲ್ಲ. ಅಡಿಕೆ ಸುಲಿಯಲು ಹೇಳಿ ಕಳಿಸಿದರೆ ‘ನಾಳೆ ನೋಡೋಣ’ ಅಂತಾರೆ. ಮೊದಲು ಹೀಗಿರಲಿಲ್ಲ. ಅಕ್ಕಿ ಪುಕ್ಕಟೆ ಆದ ಮೇಲೇ ಇದು.

ಅಧ್ಯಾಪಕಿ: ಸರ್, ಆಳು ಸಿಗುತ್ತಿಲ್ಲ ಅನ್ನೋದು ನಿಜ, ಅದರಲ್ಲಿ ಎರಡು ಮಾತಿಲ್ಲ. ಬರದವರು ಎಲ್ಲಿದ್ದಾರೆ ಅಂತ ವಿಚಾರಿಸಿದ್ದೀರಾ? ಕೊನೆಗೌಡನ ಮಗ ಮನೆಯಲ್ಲಿ ಮಲಗಿದ್ದಾನೋ, ಹುಬ್ಬಳ್ಳಿಯಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೋ? ಮರದಿಂದ ಮರಕ್ಕೆ ದಾಟುವ ಕೆಲಸ, ವರ್ಷದಲ್ಲಿ ಕೆಲವೇ ತಿಂಗಳು. ಬಿದ್ದು ಸೊಂಟ ಮುರಿದರೆ ಕೇಳೋರಿಲ್ಲ. ಅವನು ಬೇರೆ ಕೆಲಸ ಕಲಿತರೆ ಅದನ್ನು ಸೋಮಾರಿತನ ಅನ್ನೋಕಾಗಲ್ಲ.

ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ, ಒಪ್ಪುತ್ತೇನೆ. ಡಬ್ಬದಲ್ಲಿ ಅಕ್ಕಿ ಇದ್ದವರು ಕಡಿಮೆ ಕೂಲಿಗೆ ‘ಆಗಲ್ಲ’ ಅನ್ನಬಲ್ಲರು. ಹಿಂದೆ ಹಾಗೆ ಅನ್ನೋಕೆ ಆಗುತ್ತಿರಲಿಲ್ಲ. ಅದರ ಬಿಸಿ ನಿಮಗೆ ತಟ್ಟುತ್ತಿದೆ.

ಬ್ಯಾಂಕ್ ನಿವೃತ್ತರು: ನಾನೂ ಬಡ ಮನೆಯವನೇ. ವಾರಾನ್ನ ಉಂಡು ಓದಿದೆ, ಮ್ಯಾನೇಜರ್ ಆಗಿ ನಿವೃತ್ತನಾದೆ. ಛಲ ಇದ್ದರೆ ಯಾರು ಬೇಕಾದರೂ ಮೇಲೆ ಬರಬಹುದು. ಹುಡುಗಿ ಅದನ್ನೂ ಬರೆಯಲಿ.

ಅಧ್ಯಾಪಕಿ: ನಿಮ್ಮ ಶ್ರಮ ಸಣ್ಣದಲ್ಲ ಸರ್. ಆದರೆ ವಾರಾನ್ನ ಅಂದರೆ ವಾರಕ್ಕೆ ಏಳು ಮನೆಯವರು ಊಟ ಹಾಕಿದರು ಅಂತ ತಾನೇ? ಆ ಊಟ ನಿಮ್ಮನ್ನು ಸೋಮಾರಿ ಮಾಡಲಿಲ್ಲ. ಆ ಜಗಲಿ ಯಾವ ಜಾತಿಯ ಹುಡುಗನಿಗೆ ಸಿಗುತ್ತಿತ್ತು, ಯಾರಿಗೆ ಸಿಗುತ್ತಿರಲಿಲ್ಲ ಅನ್ನೋದು ನಿಮಗೇ ಗೊತ್ತು.

ಬಾಂಗ್ಲಾದೇಶದ್ದು ಒಂದು ಇದೆ, ಕೇಳಿ. ಬ್ರಾಕ್ ಅನ್ನುವ ಸಂಸ್ಥೆ ಹಳ್ಳಿಗಳ ತೀರಾ ಬಡ ಹೆಂಗಸರಿಗೆ ಹಸು ಕೊಟ್ಟು, ಸಾಕುವುದನ್ನು ಕಲಿಸಿತು. ಸಂಶೋಧಕರು 2007ರಿಂದ ವರ್ಷಗಟ್ಟಲೆ ಅವರನ್ನು ಗಮನಿಸಿದರು. ಮೊದಲು ಅವರು ಬೇರೆಯವರ ಗದ್ದೆಯಲ್ಲಿ, ಮನೆಗಳಲ್ಲಿ ಕರೆದ ದಿನ ದುಡಿಯುತ್ತಿದ್ದರು, ಕರೆಯದ ದಿನ ಖಾಲಿ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಸೋಮಾರಿಗಳು. ಹಸು ಬಂದ ಮೇಲೆ ಅದೇ ಹೆಂಗಸರು ವರ್ಷದಲ್ಲಿ ಮೊದಲಿಗಿಂತ ಜಾಸ್ತಿ ಹೊತ್ತು ದುಡಿದರು. ಖಾಲಿ ದಿನಗಳಲ್ಲೂ ಈಗ ಕೈಗೆ ಕೆಲಸ ಇತ್ತು. ಸೋಮಾರಿತನ ಹುಟ್ಟುಗುಣ ಆಗಿದ್ದರೆ ಹಸು ಅದನ್ನು ಹೇಗೆ ಬಿಡಿಸಿತು?

ಅಲ್ಲಿಗೂ ಮುಗಿಯಲಿಲ್ಲ. ಜೊತೆಗೆ ಅಲ್ಪಸ್ವಲ್ಪ ಬೇರೆ ಆಸ್ತಿ ಇದ್ದವರು ಬಡತನ ದಾಟಿ ಮೇಲೆ ಹೋದರು. ಹಸು ಬಿಟ್ಟರೆ ಹೆಚ್ಚುಕಡಿಮೆ ಏನೂ ಇಲ್ಲದವರು ಕೆಲವೇ ವರ್ಷಗಳಲ್ಲಿ ಜಾರಿ ಹಿಂದಿನ ಸ್ಥಿತಿಗೇ ಬಂದರು. ಎಲ್ಲರಿಗೂ ಸಿಕ್ಕಿದ ಸಹಾಯ ಒಂದೇ. ಮೊದಲೇ ಕೈಯಲ್ಲಿದ್ದದ್ದು ಬೇರೆ ಬೇರೆ, ಅದೂ ಬಹಳವೇನಲ್ಲ.

ಪತ್ರಿಕೆಯಲ್ಲಿ ಓದುಗರ ಪತ್ರ ನೋಡುತ್ತಿದ್ದವರು: ಚರ್ಚೆ ಚೆನ್ನಾಗಿದೆ, ಆದರೆ ಇಷ್ಟೆಲ್ಲ ಹಾಕಿದರೆ ಅಚ್ಚಾಗಲ್ಲ. ಯಾವ ದಿನದ, ಯಾವ ಪತ್ರಕ್ಕೆ ಉತ್ತರ ಅನ್ನೋದು ಮೊದಲ ಸಾಲಲ್ಲೇ ಬರಲಿ. ಒಂದೇ ವಾದ, 150 ಪದ. ಮೂರು ವಾದ ಕಳಿಸಿದರೆ ನಾವು ಎರಡು ಕತ್ತರಿಸುತ್ತಿದ್ದೆವು, ಉಳಿಸಿದ್ದು ನಿಮ್ಮ ಒಳ್ಳೆಯದೇ ಆಗಿರುತ್ತೆ ಅಂತ ಏನಿಲ್ಲ! ಬರೆದವರನ್ನು ಜರಿಯಬೇಡಿ. ಹೆಸರು, ವಿಳಾಸ, ಫೋನ್ ನಂಬರ್ ಕೆಳಗಿರಲಿ. ಮತ್ತೆ ಬೇಗ ಕಳಿಸಿ, ವಾರ ಕಳೆದರೆ ಮೂಲ ಪತ್ರ ಯಾರಿಗೂ ನೆನಪಿರಲ್ಲ.

ವಿದ್ಯಾರ್ಥಿನಿ: ಬಾಂಗ್ಲಾದೇಶದ್ದು ಬಿಡೋಕೆ ಮನಸ್ಸಿಲ್ಲ, ಆದರೂ ಬಿಟ್ಟೆ. ಹೀಗೆ ಬರೆದಿದ್ದೇನೆ:

‘ಮಾನ್ಯರೇ, ಸೋಮವಾರದ ಓದುಗರ ಪತ್ರವೊಂದರಲ್ಲಿ ಉಚಿತ ಅಕ್ಕಿಯಿಂದ ಬಡವರು ಸೋಮಾರಿಗಳಾದರು ಎಂದು ಬರೆಯಲಾಗಿದೆ. 2023-24ರ ಲೆಕ್ಕ ನೋಡೋಣ. ಐದು ಜನರ ಕುಟುಂಬಕ್ಕೆ ಸಿಕ್ಕ ಅಕ್ಕಿ ಮತ್ತು ಹಣದ ಬೆಲೆ ತಿಂಗಳಿಗೆ ಸುಮಾರು 1,700 ರೂಪಾಯಿ. ಉದ್ಯೋಗ ಖಾತ್ರಿ ಕೂಲಿಯಲ್ಲಿ ಅದು ಆರು ದಿನದ ದುಡಿಮೆಗೂ ಕಡಿಮೆ. ಉಳಿದ ದಿನಗಳ ಖರ್ಚನ್ನು ಆ ಕುಟುಂಬ ದುಡಿದೇ ತೂಗಿಸಬೇಕು. ಕೂಲಿಗೆ ಜನ ಬರುತ್ತಿಲ್ಲ ಎಂಬ ದೂರು ನಿಜವಿರಬಹುದು. ಅವರು ಮನೆಯಲ್ಲಿದ್ದಾರೋ, ಹೆಚ್ಚು ಕೂಲಿ ಸಿಗುವ ಕಡೆ ಹೋಗಿದ್ದಾರೋ ಎಂದು ಪತ್ರ ಬರೆದವರು ವಿಚಾರಿಸಿದ್ದರೆ ಚೆನ್ನಾಗಿತ್ತು.’

ಪತ್ರಿಕೆಯವರು: ಕೊನೆಯ ವಾಕ್ಯದಲ್ಲಿ ಸ್ವಲ್ಪ ಚುಚ್ಚು ಇದೆ. ಇರಲಿ ಬಿಡಿ. ‘ಸೋಮವಾರ’ ಬದಲು ತಾರೀಖು ಹಾಕಿ.

ಬ್ಯಾಂಕ್ ನಿವೃತ್ತರು: ಛಲದ ಮಾತು ಬರಲೇ ಇಲ್ಲವಲ್ಲ.

ತೋಟದವರು: ಪತ್ರ ಚೆನ್ನಾಗಿದೆಯಮ್ಮ, ಕಳಿಸು. ಆದರೆ ಮೇಡಂ, ಹೆಚ್ಚು ಕೂಲಿ ಕೊಡಿ ಅನ್ನೋದು ಸುಲಭ. ಎಲೆಚುಕ್ಕಿ ರೋಗದಲ್ಲಿ ಫಸಲು ಅರ್ಧ ಹೋಯಿತು, ನಂದು ಒಂದೆಕರೆ ತೋಟ. ಎಲ್ಲಿಂದ ತರಲಿ?

ಅಧ್ಯಾಪಕಿ: ಒಂದೆಕರೆಯವರಿಗೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ಊರಲ್ಲಿ ನಾಲ್ಕಾರು ತೋಟದವರು ಸೇರಿ ಕೊಯ್ಲಿನ ದೋಟಿ ತಂದುಕೊಂಡರೆ ಮರ ಹತ್ತುವುದಾದರೂ ಉಳಿಯುತ್ತೆ ಅಂತಾರೆ. ಸುಲಿಯೋದಕ್ಕೆ ಏನು ಮಾಡ್ತಾರೋ, ತೋಟ ಮಾಡುವವರು ಯಾರಾದರೂ ಹೇಳಿ.