ಗುಂಪಿನ ದೃಶ್ಯದಲ್ಲಿ ಎಲ್ಲರೂ ಒಟ್ಟಿಗೇ ಅಲ್ಲಾಡುತ್ತಾರೆ, ತಪ್ಪಿಸುವುದು ಹೇಗೆ?

ಕೊಥ್ರೂಡ್ ಕಿಟ್ಟಿ
ಪುಣೆಯ ಲಕ್ಷ್ಮೀ ರಸ್ತೆ, ಗಣಪತಿ ವಿಸರ್ಜನೆ. ಢೋಲ್-ತಾಶಾ ಬಾರಿಸುವವರ ಪಥಕ ಹೋಗುತ್ತಿದೆ, ಬದಿಯಲ್ಲಿ ಜನ. ಹತ್ತು ಸೆಕೆಂಡಿನ ಆನಿಮೇಷನ್ ಶಾಟ್, ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರ ಎರಡೆರಡು ಫ್ರೇಮ್. ಕೈ ಬೀಸುವುದು, ಕತ್ತು ಚಾಚುವುದು, ಚಪ್ಪಾಳೆ: ಮತ್ತೆ ಮತ್ತೆ ತಿರುಗುವ ಮೂರು ಸೈಕಲ್, ಮೂರೂ 16 ಫ್ರೇಮ್. ಅದನ್ನೇ ಕಾಪಿ ಮಾಡಿ ಸುಮಾರು ನಲವತ್ತು ಜನರನ್ನು ನಿಲ್ಲಿಸಿದೆ. ಪ್ಲೇ ಮಾಡಿದರೆ ಇಡೀ ಗುಂಪು ಒಟ್ಟಿಗೇ ಉಸಿರಾಡುತ್ತದೆ! ಬಟ್ಟೆ ಬೇರೆ ಕಾಣಲಿ ಅಂತ `Hue/Saturation` ಹಾಕಿದೆ, ಕೆಲವರ ಮುಖವೇ ಹಸಿರಾಯಿತು. ಕೆಲಸ ಆಫ್ಟರ್ ಎಫೆಕ್ಟ್ಸ್‌ನಲ್ಲಿ.

ಠಾಣೆ ಶೆಟ್ಟಿ
ಇದು ಸುಲಭ ಮಾರಾಯ. ಒಬ್ಬೊಬ್ಬರನ್ನೂ ಬೇರೆ ಬೇರೆ ಚಿತ್ರದಿಂದ ಶುರು ಮಾಡು. ಒಬ್ಬೊಬ್ಬರ ಪ್ರೀಕಾಂಪ್‌ಗೂ ಟೈಮ್ ರಿಮ್ಯಾಪ್ ಆನ್ ಮಾಡಿ ಇದನ್ನು ಹಾಕು:

```
f = Math.round(time / thisComp.frameDuration) + index * 2;
(f % 16) * thisComp.frameDuration
```

ಪಣಜಿ ಪ್ರಭು
ನನಗೂ ಇದೇ ತೊಂದರೆ. ಮೂವತ್ತು ಲೇಯರ್ ದಾಟಿದರೆ ಪ್ರಿವ್ಯೂ ನಿಂತೇ ಹೋಗುತ್ತದೆ. ಮೆಮೊರಿ ಹೆಚ್ಚಿಸಬೇಕಾ?

ಕೊಥ್ರೂಡ್ ಕಿಟ್ಟಿ
ಪ್ರಭು ಅವರೇ, ನನ್ನದು ನಿಲ್ಲುತ್ತಿಲ್ಲ, ಜಾಸ್ತಿ ಕುಣಿಯುತ್ತಿದೆ. ಶೆಟ್ರೇ, ಹಾಕಿ ನೋಡಿದೆ. ಈಗ ಎಡದಿಂದ ಬಲಕ್ಕೆ ಅಲೆ ಹೋಗುತ್ತದೆ, ಸ್ಟೇಡಿಯಂ ತರಹ. ಚಪ್ಪಾಳೆಯಂತೂ ಢೋಲಿನ ಏಟಿಗೆ ಕೂರುತ್ತಲೇ ಇಲ್ಲ.

ದಾದರ್ ಸರೋಜಕ್ಕ
ಲೇಯರ್‌ಗಳು ಸಾಲಾಗಿ ನಿಂತಿವೆ, ಪಕ್ಕದವನಿಗೂ ಇವನಿಗೂ ಒಂದೇ ಚಿತ್ರದ ವ್ಯತ್ಯಾಸ. ಅಲೆ ಬರದೇ ಇನ್ನೇನು ಬಂದೀತು? ಅದಕ್ಕಿಂತ ಮೊದಲು ಸೈಕಲ್ ಉದ್ದ ನೋಡು ಕಿಟ್ಟಿ. ಮೂರೂ 16 ಆದರೆ ಶುರು ಎಲ್ಲಿಂದ ಮಾಡಿದರೂ 16 ಫ್ರೇಮಿಗೊಮ್ಮೆ ಇಡೀ ಗುಂಪು ಅದೇ ಭಂಗಿಗೆ ಬರುತ್ತದೆ. ಕಣ್ಣು ಅದನ್ನು ಬೇಗ ಹಿಡಿದುಬಿಡುತ್ತದೆ.

ಕೈ ಬೀಸುವುದನ್ನು 11 ಚಿತ್ರ ಮಾಡು, ಅಂದರೆ 22 ಫ್ರೇಮ್. ಕತ್ತು ಚಾಚುವುದನ್ನು 13 ಚಿತ್ರ, 26 ಫ್ರೇಮ್. ಇವೆರಡೂ ಮತ್ತೆ ಒಟ್ಟಿಗೆ ಮೊದಲಿಗೆ ಬರುವುದು 286 ಫ್ರೇಮಿಗೆ. ನಿನ್ನ ಶಾಟ್ 240ಕ್ಕೇ ಮುಗಿದಿರುತ್ತದೆ. ಹೊಸ ಚಿತ್ರ ಬರೆಯಲು ಬೇಜಾರಾದರೆ ಕೈ ಮೇಲೆ ಹೋದಾಗಿನ ಚಿತ್ರವನ್ನೇ ಸ್ವಲ್ಪ ಹೊತ್ತು ಹಿಡಿದಿಡು. ಶುರುವಿಗೆ ಹೀಗೆ:

```
f = Math.round(time / thisComp.frameDuration) + (index * 7 % 11) * 2;
(f % 22) * thisComp.frameDuration
```

26 ಫ್ರೇಮಿನದಕ್ಕೆ 11 ಇದ್ದಲ್ಲಿ 13, 22 ಇದ್ದಲ್ಲಿ 26.

ಚಪ್ಪಾಳೆಗೆ ಮಾತ್ರ ಇದನ್ನು ಹಚ್ಚಬೇಡ. ನಿನ್ನ ಢೋಲ್ 16 ಫ್ರೇಮಿಗೊಂದು ಏಟು ಇದ್ದರೆ ಚಪ್ಪಾಳೆಯೂ 16ರಲ್ಲೇ ಇರಲಿ, ಎಲ್ಲರ ಕೈಯೂ ಏಟಿಗೇ ಸೇರಲಿ. ಒಂದಿಬ್ಬರದು ಒಂದು ಫ್ರೇಮ್ ತಡವಾದರೆ ಚೆನ್ನ. ಇನ್ನು ಕೆಲವರಿಗೆ 32 ಫ್ರೇಮಿನ ಸೈಕಲ್ ಕೊಡು, ಒಂದು ಏಟು ಬಿಟ್ಟು ಒಂದಕ್ಕೆ ತಟ್ಟಲಿ. ತಟ್ಟುವವರು ಢೋಲಿನ ಹತ್ತಿರ ಐದಾರು ಜನ ಸಾಕು. ನಿಜವಾದ ಮೆರವಣಿಗೆಯಲ್ಲಿ ಅರ್ಧ ಜನ ಸುಮ್ನೆ ಫೋನ್ ಎತ್ತಿ ನಿಂತಿರುತ್ತಾರೆ, ಅಲ್ವಾ? ಅವರಿಗೆ ಸೈಕಲ್ಲೇ ಬೇಡ.

ಬಣ್ಣಕ್ಕೆ ಬಟ್ಟೆಯನ್ನು ಬೇರೆ ಲೇಯರ್ ಮಾಡಿ ಅದಕ್ಕೆ `Fill` ಕೊಡು, ಗೆರೆ ಅದರ ಮೇಲೆ ಪ್ರತ್ಯೇಕ ಇರಲಿ. ಮುಖ ಮುಟ್ಟಬೇಡ. ಆರೇಳು ಬಣ್ಣ ಆರಿಸಿಕೊಂಡು ಅವನ್ನೇ ತಿರುಗಿಸು. ಕೇಸರಿ ಪೇಟ ಪಥಕದವರಿಗೆ ಬಿಟ್ಟುಬಿಡು, ನೋಡುವವರಿಗೆ ಹಾಕಿದರೆ ಕಣ್ಣು ಅವರ ಕಡೆ ಹೋಗುತ್ತದೆ. ಹಿಂದಿನ ಸಾಲುಗಳ ಬಣ್ಣ ಗೋಡೆಯ ಬಣ್ಣಕ್ಕೆ ಹತ್ತಿರ ಬರಲಿ. ಆಮೇಲೆ ಇಡೀ ಶಾಟನ್ನು ಕಪ್ಪು-ಬಿಳುಪು ಮಾಡಿ ನೋಡು. ಪಥಕ ಎದ್ದು ಕಾಣದಿದ್ದರೆ ಬಣ್ಣ ಇನ್ನೂ ಸರಿ ಬಂದಿಲ್ಲ ಅಂತಲೇ ಅರ್ಥ.

ಕೊಥ್ರೂಡ್ ಕಿಟ್ಟಿ
ಥ್ಯಾಂಕ್ಸ್ ಅಕ್ಕ, ಉಸಿರಾಟ ಹೋಯಿತು. ಒಂದು ಉಳಿದಿದೆ. ಹಿಂದಿನ ಸಾಲನ್ನು ಚಿಕ್ಕದು ಮಾಡಿ ಮೇಲಕ್ಕೆ ಇಟ್ಟಿದ್ದೇನೆ. ಅವರು ಮೆಟ್ಟಿಲ ಮೇಲೆ ನಿಂತ ಹಾಗಿದ್ದಾರೆ.

ದಾದರ್ ಸರೋಜಕ್ಕ
ಕ್ಯಾಮೆರಾ ನಿಂತವನ ಕಣ್ಣಿನ ಎತ್ತರದಲ್ಲಿದೆಯಾ? ಹಾಗಾದರೆ ಸಮತಟ್ಟು ರಸ್ತೆಯಲ್ಲಿ ಹತ್ತಿರದವರ ತಲೆ, ದೂರದವರ ತಲೆ ಹೆಚ್ಚುಕಡಿಮೆ ಒಂದೇ ಗೆರೆಗೆ ಬರಬೇಕು. ಮೇಲೇರುವುದು ಪಾದ ಮಾತ್ರ. ತಲೆಗಳಿಗೆ ಗೈಡ್ ಗೆರೆ ಎಳೆದುಕೊಂಡು ಹಿಂದಿನವರನ್ನು ಕೆಳಗಿಳಿಸು. ಮಕ್ಕಳು ಗೆರೆಗಿಂತ ಕೆಳಗೆ, ಹೆಗಲೇರಿದವರು ಮೇಲೆ. ಚಿಕ್ಕದು ಮಾಡಿದಾಗ ಗೆರೆ ತೀರಾ ಸಣ್ಣಗಾದರೆ ಆ ಸಾಲನ್ನು ಹೊಸದಾಗಿ ಬರೆ. ಐದಾರು ಜನರನ್ನು ಒಂದೇ ಚಿತ್ರವಾಗಿ ಬರೆದರೂ ನಡೆಯುತ್ತದೆ. ಪ್ರಭು ಅವರೇ, ಅಂಥ ಸಾಲನ್ನು ಮೊದಲೇ ರೆಂಡರ್ ಮಾಡಿ ತಂದಿಟ್ಟರೆ ನಿಮ್ಮ ಪ್ರಿವ್ಯೂ ಕೂಡ ಹಗುರಾಗಬಹುದು.

ಠಾಣೆ ಶೆಟ್ಟಿ
ಒಂದು ಮಾತು. ಎಲ್ಲರ ಚಿತ್ರವೂ ಒಂದೇ ಫ್ರೇಮಿನಲ್ಲಿ ಬದಲಾಗುತ್ತದಲ್ಲ, ಅರ್ಧ ಜನರನ್ನು ಒಂದು ಫ್ರೇಮ್ ಜರುಗಿಸಿದರೆ ಇನ್ನೂ ಸಹಜ ಅಲ್ವಾ?

ದಾದರ್ ಸರೋಜಕ್ಕ
ನನ್ನ ಕಣ್ಣಿಗೆ ಅದು ಮಿನುಗಿದ ಹಾಗೆ ಕಾಣುತ್ತದೆ. ಹಿಂದಿನ ಸಾಲಿಗಾದರೆ ಒಪ್ಪುತ್ತೇನೆ, ಮುಂದಿನ ಸಾಲಿಗೆ ಬೇಡ.

ಠಾಣೆ ಶೆಟ್ಟಿ
ನನಗೆ ಮುಂದಿನ ಸಾಲಿಗೇ ಚೆನ್ನಾಗಿ ಕಾಣುತ್ತದೆ. ಕಿಟ್ಟಿ, ಎರಡನ್ನೂ ರೆಂಡರ್ ಮಾಡಿ ಇಲ್ಲಿ ಹಾಕು, ನೋಡೋಣ.