ಎಚ್‌ಆರ್‌ಗೆ ದೂರಿನ ಮೇಲ್: ಕಾರ್ಮಿಕ ವಕೀಲರಿಗೆ ಕೇಳಿ

ರಮ್ಯಾ: ಹೆರಿಗೆ ರಜೆ ಮುಗಿಸಿ ಬಂದೆ. ನನ್ನ ಟೀಮ್ ಬೇರೆಯವರ ಕೈಗೆ ಹೋಗಿದೆ, ರೇಟಿಂಗ್ ಇಳಿಸಿದ್ದಾರೆ. ಎಚ್‌ಆರ್‌ಗೆ ಹೀಗೆ ಬರೆದಿದ್ದೇನೆ: "ಮ್ಯಾನೇಜರ್‌ಗೆ ಮೊದಲಿನಿಂದಲೂ ನನ್ನನ್ನು ಕಂಡರೆ ಆಗಲ್ಲ. ತಾಯಿಯಾದದ್ದೇ ತಪ್ಪಾ? ನ್ಯಾಯ ಸಿಗದಿದ್ದರೆ ರಾಜೀನಾಮೆ ಕೊಡುತ್ತೇನೆ." ಕಳಿಸಲಾ ಮೇಡಂ?

ವಕೀಲೆ ಸುಮಾ: ಕಳಿಸಬೇಡಿ. ಮೊದಲು ಆ ರಾಜೀನಾಮೆ ಸಾಲು ತೆಗೆಯಿರಿ. ಅದೊಂದನ್ನೇ ಹಿಡಿದುಕೊಂಡು "ನಿಮ್ಮ ರಾಜೀನಾಮೆ ಒಪ್ಪಿದ್ದೇವೆ" ಅಂತ ಉತ್ತರ ಬರಬಹುದು. ಆಮೇಲೆ ಜಗಳ ಅದರ ಮೇಲೇ ನಡೆಯುತ್ತದೆ. ರಜೆ ಯಾವತ್ತಿಂದ ಯಾವತ್ತಿನವರೆಗೆ? ಯಾರು, ಯಾವತ್ತು, ಏನು ಹೇಳಿದರು?

ರಮ್ಯಾ: 2025ರ ಜೂನ್ 2ರಿಂದ ನವೆಂಬರ್ 30. ಡಿಸೆಂಬರ್ 1ಕ್ಕೆ ಹೋದೆ, ಅವತ್ತೇ ಟೀಮ್ ಇಲ್ಲ ಅಂದರು. 18ಕ್ಕೆ ರಿವ್ಯೂನಲ್ಲಿ "ಆರು ತಿಂಗಳು ನೀವಿರಲಿಲ್ಲ ಅಲ್ವಾ" ಅಂದರು. 22ಕ್ಕೆ ಕಾರಣ ಕೇಳಿ ಮೇಲ್ ಹಾಕಿದೆ, ಉತ್ತರವಿಲ್ಲ.

ಮಂಜುನಾಥ: ನನಗೆ ಬಂದ ಫಾರ್ವರ್ಡ್ ಇದು: ಮೇಲ್‌ನಲ್ಲಿ ಹತ್ತು ಕಾನೂನಿನ ಸೆಕ್ಷನ್ ಹಾಕಿ, ಸಿಇಒ, ಕಾರ್ಮಿಕ ಇಲಾಖೆ, ಪ್ರಧಾನಿ ಕಚೇರಿ ಎಲ್ಲರಿಗೂ ಕಾಪಿ ಇಡಿ, 48 ಗಂಟೆ ಗಡುವು ಕೊಡಿ. ಓಡಿಬರ್ತಾರೆ.

ವಕೀಲೆ ಸುಮಾ: ಮಂಜುನಾಥ್ ಅವರೇ, ಈ ಫಾರ್ವರ್ಡ್ ದಯವಿಟ್ಟು ಯಾರೂ ಬಳಸಬೇಡಿ. ಇದನ್ನು ನಂಬಿ ಮೇಲ್ ಕಳಿಸಿ, ಕೆಲಸ ಕಳೆದುಕೊಂಡು ನನ್ನ ಹತ್ತಿರ ಬಂದವರಿದ್ದಾರೆ.

ರಮ್ಯಾ, 26 ವಾರಕ್ಕೆ ನಿಮ್ಮ ಲೆಕ್ಕ ಸರಿಯಾಗಿದೆ. ನನಗೆ ಬೇಕಾದದ್ದು ಇನ್ನೊಂದು ತಾರೀಖು. ಟೀಮ್ ಬದಲಾದದ್ದು ಯಾವತ್ತಿಂದ? ಅವರು ಹೇಳಿದ ದಿನ ಅಲ್ಲ, ಎಚ್‌ಆರ್ ಪೋರ್ಟಲ್‌ನಲ್ಲಿ ಹುದ್ದೆಯ ಬದಲಾವಣೆ ಜಾರಿ ಅಂತ ಇರುವ ದಿನ. ಹೆರಿಗೆ ರಜೆಯಲ್ಲಿರುವಾಗ ಹೆಂಗಸಿನ ಕೆಲಸದ ಷರತ್ತುಗಳನ್ನು ಆಕೆಗೆ ನಷ್ಟವಾಗುವ ಹಾಗೆ ಬದಲಿಸುವಂತಿಲ್ಲ, ಕಾನೂನಿನಲ್ಲೇ ಇದೆ. ಆ ದಿನ ನವೆಂಬರ್ 30ರ ಒಳಗಿದ್ದರೆ ನಿಮ್ಮ ಕೈ ಮೇಲೆ. ಡಿಸೆಂಬರ್‌ನಲ್ಲಿದ್ದರೆ ಮಾತು ಬೇರೆ, ಆಗ ರೇಟಿಂಗ್ ವಿಷಯವನ್ನೇ ಗಟ್ಟಿಯಾಗಿ ಹಿಡಿಯಬೇಕು.

ಮೇಲ್ ಹೀಗಿರಲಿ. ವಿಷಯದ ಸಾಲು: "ಹೆರಿಗೆ ರಜೆಯ ನಂತರ ಹುದ್ದೆ ಬದಲಾವಣೆ ಮತ್ತು ರೇಟಿಂಗ್ ಬಗ್ಗೆ ದೂರು". ಆಮೇಲೆ ತಾರೀಖಿನ ಪ್ರಕಾರ ನಡೆದದ್ದು, ಒಂದೊಂದಕ್ಕೆ ಎರಡೇ ಸಾಲು. 18ನೇ ತಾರೀಖಿನ ಮಾತನ್ನು ಹೇಳಿದ ಹಾಗೇ ಹಾಕಿ, ಎದುರಿಗೆ ಯಾರಿದ್ದರು ಅಂತಲೂ ಬರೆಯಿರಿ. "ಕಂಡರೆ ಆಗಲ್ಲ" ಬೇಡ, ಅದನ್ನು ತೋರಿಸಲು ಆಗುವುದಿಲ್ಲ. ಕೊನೆಗೆ ನಿಮಗೆ ಬೇಕಾದದ್ದು: ಮೊದಲಿನ ಅಥವಾ ಅದಕ್ಕೆ ಸಮನಾದ ಹುದ್ದೆ, ರಜೆಯ ಅವಧಿ ಬಿಟ್ಟು ಮತ್ತೆ ರೇಟಿಂಗ್, ಇಂಥ ದಿನದೊಳಗೆ ಬರಹದಲ್ಲಿ ಉತ್ತರ. ಮ್ಯಾನೇಜರ್‌ಗೆ ಶಿಕ್ಷೆ ಕೊಡಿ ಅಂತ ಕೇಳಬೇಡಿ. ಕೇಳಿದರೆ ಎಲ್ಲರೂ ಅವರನ್ನು ಉಳಿಸಲು ನಿಲ್ಲುತ್ತಾರೆ, ನಿಮ್ಮ ಹುದ್ದೆ ಮರೆತುಹೋಗುತ್ತದೆ.

ಶ್ರೀಧರ: ಎಚ್‌ಆರ್ ಯಾವತ್ತೂ ಕಂಪನಿ ಕಡೆಯೇ. ಮೇಲ್ ಬರೆಯೋದೇ ದಂಡ.

ಲತಾ: ನಾನು ಎಚ್‌ಆರ್‌ನಲ್ಲೇ ಇದ್ದೇನೆ ಶ್ರೀಧರ್. ಬರಹದಲ್ಲಿ ಬಂದದ್ದನ್ನು ನಾವು ಸುಮ್ನೆ ಮುಚ್ಚಿಡೋಕಾಗಲ್ಲ.

ಶ್ರೀಧರ: ನನ್ನ ಪಿಎಫ್ ದೂರನ್ನು ಮುಚ್ಚಿಟ್ಟರಲ್ಲ! ಸಂಬಳದಲ್ಲಿ ಹಿಡಿದಿದ್ದಾರೆ, ಪಾಸ್‌ಬುಕ್‌ಗೆ ಬಂದಿಲ್ಲ.

ಲತಾ: ಅದು ನಿಮ್ಮ ಕಂಪನಿ. ಎಲ್ಲರನ್ನೂ ಯಾಕೆ ಬೈತೀರಿ?

ವಕೀಲೆ ಸುಮಾ: ಶ್ರೀಧರ್, ಹಿಡಿದ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಟ್ಟದಿದ್ದರೆ ಎಚ್‌ಆರ್ ಬಿಟ್ಟು ಪಿಎಫ್ ಇಲಾಖೆಯ ದೂರು ಪೋರ್ಟಲ್‌ಗೆ ಹೋಗಿ. ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಅನಾಮಿಕ ಸದಸ್ಯೆ: ಬಾಸ್ ರಾತ್ರಿ ಹೊತ್ತು ಕೆಟ್ಟ ಮೆಸೇಜ್ ಕಳಿಸ್ತಾರೆ. ಇದೇ ರೀತಿ ಎಚ್‌ಆರ್‌ಗೆ ಬರೆಯಲಾ?

ವಕೀಲೆ ಸುಮಾ: ಎಚ್‌ಆರ್‌ಗಲ್ಲ. ಲೈಂಗಿಕ ಕಿರುಕುಳಕ್ಕೆ ಆಂತರಿಕ ಸಮಿತಿ ಇದೆ, ದೂರು ಬರಹದಲ್ಲಿ ಅಲ್ಲಿಗೇ ಹೋಗಬೇಕು. ಕೊನೆಯ ಮೆಸೇಜ್ ಬಂದ ದಿನದಿಂದ ಮೂರು ತಿಂಗಳೊಳಗೆ. ತಡವಾಗಿದ್ದರೆ ಕಾರಣ ಬರೆಯಿರಿ, ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಹತ್ತಕ್ಕಿಂತ ಕಡಿಮೆ ಜನರಿರುವ ಕಚೇರಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ. ಮೆಸೇಜ್ ಒಂದನ್ನೂ ಅಳಿಸಬೇಡಿ. ಇವತ್ತೇ ನನಗೆ ಖಾಸಗಿಯಾಗಿ ಬರೆಯಿರಿ.

ಮಂಜುನಾಥ: ಸಾಕ್ಷಿಗೆ ಆಫೀಸ್ ಮೇಲ್ ಪೂರ್ತಿ ಸ್ವಂತ ಐಡಿಗೆ ಫಾರ್ವರ್ಡ್ ಮಾಡ್ಕೊಳ್ಳಿ ಎಲ್ಲರೂ.

ವಕೀಲೆ ಸುಮಾ: ಮತ್ತೆ ಅದೇ! ಗ್ರಾಹಕರ ಕಡತ ಒಂದು ಹೊರಗೆ ಹೋದರೂ ಕೆಲಸದಿಂದ ತೆಗೆಯಲು ಅವರಿಗೆ ನೆಪ ಸಿಗುತ್ತದೆ. ನಿಮ್ಮ ನೇಮಕ ಪತ್ರ, ಪೇಸ್ಲಿಪ್, ರೇಟಿಂಗ್ ಪತ್ರ, ಈ ದೂರಿನ ಪ್ರತಿ, ಇಷ್ಟು ಇಟ್ಟುಕೊಳ್ಳಿ.

ಮಂಜುನಾಥ: ಒಳ್ಳೇದು ಹೇಳಿದ್ರೆ ಬೈತೀರಲ್ಲ ಮೇಡಂ.

ಗಿರೀಶ: ನಾನು ಗುತ್ತಿಗೆ ನೌಕರ. ದೂರು ಏಜೆನ್ಸಿಗೋ, ಕಂಪನಿಗೋ?

ರಮ್ಯಾ: ಮೇಡಂ, ಪೋರ್ಟಲ್ ನೋಡಿದೆ. ಜಾರಿ ದಿನಾಂಕ ನವೆಂಬರ್ 17!

ವಕೀಲೆ ಸುಮಾ: ಈಗಲೇ ಸ್ಕ್ರೀನ್‌ಶಾಟ್ ತೆಗೆಯಿರಿ, ಗಡಿಯಾರ ಕಾಣುವ ಹಾಗೆ. ಆ ದಿನಾಂಕ ಆಮೇಲೆ ಬದಲಾಗಬಹುದು. ಮೇಲ್‌ನ ಮೊದಲ ಘಟನೆಯೇ ಅದು: "ನವೆಂಬರ್ 17ರಂದು ನಾನು ಹೆರಿಗೆ ರಜೆಯಲ್ಲಿದ್ದಾಗ ನನ್ನ ಹುದ್ದೆ ಬದಲಾಗಿದೆ. ನನಗೆ ತಿಳಿಸಿರಲಿಲ್ಲ." ತಿಳಿಸಿರಲಿಲ್ಲ ಅನ್ನುವುದು ನಿಜ ತಾನೇ? ಹಳೆಯ ಮೇಲ್ ನೋಡಿ ಖಚಿತ ಮಾಡಿಕೊಂಡೇ ಬರೆಯಿರಿ.

ನಾಗರಾಜ: ರೆಡಿ ಟೆಂಪ್ಲೇಟ್ ಇದ್ರೆ ಹಾಕಿ ಮೇಡಂ.

ವಕೀಲೆ ಸುಮಾ: ಮೇಲೆ ಇದೆ. ಓದಿ.